ಒಂದೇ ಗೋಡೆ, ಎರಡು ಗೆರೆ

ಹಳೆಯ ಊರುಗಳ ಸಾಲುಮನೆಗಳಲ್ಲಿ ಅಕ್ಕಪಕ್ಕದ ಎರಡು ಮನೆಗಳಿಗೆ ಸೇರಿ ಒಂದೇ ಜಂಟಿ ಗೋಡೆ ಇರುತ್ತದೆ. ಇಟ್ಟಿಗೆಯದಾದರೆ ಅದು ಒಂಬತ್ತಿಂಚಿನ ಗೋಡೆ, ಅಂದರೆ ಸುಮಾರು 23 ಸೆಂಟಿಮೀಟರ್ ದಪ್ಪ. ಖಾಸಗಿ ಉಪಗ್ರಹಗಳ ಪೈಕಿ ತೀರಾ ಸ್ಪಷ್ಟ ಚಿತ್ರ ಕೊಡುವವುಗಳಲ್ಲಿ ಒಂದಾದ ವರ್ಲ್ಡ್‌ವ್ಯೂ-3ರ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 31 ಸೆಂಟಿಮೀಟರ್. ಹೀಗಾಗಿ ಆ ಗೋಡೆ ಚಿತ್ರದಲ್ಲಿ ಒಂದು ಪಿಕ್ಸೆಲ್ಲಿನಷ್ಟೂ ಇರುವುದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಮನೆಗಳ ಹೊರರೇಖೆ ಬಿಡಿಸುವವರಿಗೆ ಕಾಣುವುದು ಬೇರೆ ಗುರುತುಗಳು: ಮಂಗಳೂರು ಹೆಂಚಿನ ಕೆಂಪು ಮುಗಿದು ತಾರಸಿಯ ಬೂದು ಬಣ್ಣ ಶುರುವಾಗುವ ಜಾಗ, ಪ್ಯಾರಪೆಟ್ಟಿನ ತೆಳುವಾದ ನೆರಳು, ಸೂರು ಮುರಿದು ತಿರುಗಿದ ಕಡೆ. ಗೋಡೆ ಇಲ್ಲೇ ಎಲ್ಲೋ ಇರಬೇಕು ಎಂದು ಊಹಿಸಿ ಅವರು ಅಲ್ಲಿ ಕ್ಲಿಕ್ ಮಾಡುತ್ತಾರೆ.

ಊಹೆಯಿಂದ ಹಾಕಿದ ಗೆರೆ ಒಂದು ಪಿಕ್ಸೆಲ್ ಆಚೀಚೆ ಆದರೆ ಚಿಂತೆಯಿಲ್ಲ. ತೊಂದರೆ ಬರುವುದು ಅದೇ ಗೋಡೆಯನ್ನು ಎರಡನೇ ಸಲ ಊಹಿಸಿದಾಗ. ಮೊದಲನೇ ಮನೆಯ ಬಲಗೋಡೆಯನ್ನು ಒಂದು ಕಡೆ ಎಳೆದೆವು. ಎರಡನೇ ಮನೆಗೆ ಬಂದಾಗ ಅದೇ ಗೋಡೆಯನ್ನು ಅದರ ಎಡಗೋಡೆಯೆಂದು ಮತ್ತೆ ಎಳೆಯುತ್ತೇವೆ. ಕೈ ಎಷ್ಟೇ ಪಳಗಿದ್ದರೂ ಎರಡನೇ ಗೆರೆ ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರುವುದಿಲ್ಲ. 20 ಸೆಂಟಿಮೀಟರ್ ಈಚೆ ಬಿದ್ದರೆ ಎರಡು ಮನೆಗಳೂ ಆ ಪಟ್ಟಿಯನ್ನು ತಮ್ಮದೆನ್ನುತ್ತವೆ, ಆಚೆ ಬಿದ್ದರೆ ನಡುವೆ ಯಾರಿಗೂ ಸೇರದ ಸೀಳು ಉಳಿಯುತ್ತದೆ. 14 ಮೀಟರ್ ಉದ್ದದ ಗೋಡೆಯಲ್ಲಿ 20 ಸೆಂಟಿಮೀಟರಿನ ಸೀಳು ಎಂದರೆ 2.8 ಚದರ ಮೀಟರ್, ಅಂದರೆ 30 ಚದರಡಿ. ಕಟ್ಟಡಗಳ ವಿಸ್ತೀರ್ಣ ಕೂಡಿಸುವವರಿಗೆ ಪ್ರತಿ ಗೋಡೆಯಲ್ಲೂ 30 ಚದರಡಿ ಹೆಚ್ಚುಕಡಿಮೆ ಬಂದರೆ ಒಂದು ಬೀದಿಯ ಲೆಕ್ಕವೇ ಕೆಡುತ್ತದೆ.

ಇದು ಕೈಯ ನಡುಕ ಮಾತ್ರವಾಗಿದ್ದರೆ ಅಭ್ಯಾಸದಿಂದ ಸರಿಹೋಗುತ್ತಿತ್ತು. ಬೇರು ಇರುವುದು ಕಡತದಲ್ಲಿ ಮನೆಗಳು ದಾಖಲಾಗುವ ಬಗೆಯಲ್ಲಿ. ಶೇಪ್‌ಫೈಲ್ ಇರಲಿ, ಜಿಯೋಪ್ಯಾಕೇಜ್ ಇರಲಿ, ಪ್ರತಿಯೊಂದು ಮನೆಯೂ ಅಲ್ಲಿ ಒಂದು ಸ್ವತಂತ್ರ ಪಾಲಿಗನ್; ತನ್ನ ಮೂಲೆಬಿಂದುಗಳ ಪಟ್ಟಿಯನ್ನು ತಾನೇ ಹೊತ್ತಿರುತ್ತದೆ. ಪಕ್ಕದ ಮನೆಯೊಂದಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಜಂಟಿ ಗೋಡೆ ಎರಡೂ ಪಟ್ಟಿಗಳಲ್ಲಿ ಎರಡು ಪ್ರತಿಗಳಾಗಿ ಕೂತಿರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಇದಕ್ಕಿಂತ ಭಿನ್ನ. ಅಲ್ಲಿ ಬಿಂದುಗಳು ಬೇರೆಯಾಗಿ ದಾಖಲಾಗುತ್ತವೆ, ಮನೆಯ ರೇಖೆ ಎಂದರೆ ‘ಇಂತಿಂಥ ಬಿಂದುಗಳನ್ನು ಈ ಕ್ರಮದಲ್ಲಿ ಸೇರಿಸು’ ಎಂಬ ಪಟ್ಟಿ ಮಾತ್ರ. ಆದ್ದರಿಂದ ಎರಡು ಮನೆಗಳು ಒಂದೇ ಬಿಂದುವನ್ನು ನಿಜವಾಗಿಯೂ ಹಂಚಿಕೊಳ್ಳಬಹುದು. ಆದರೆ ಹಂಚಿಕೊಳ್ಳುವಂತೆ ಬಿಡಿಸಬೇಕಾದವರು ನಾವೇ. ಅಲ್ಲಿಯೂ ಪಕ್ಕಪಕ್ಕದಲ್ಲಿ ಎರಡು ಬಿಂದು ಇಟ್ಟರೆ ಎರಡು ಗೋಡೆಗಳೇ ಆಗುತ್ತವೆ.

ಹಾಗಾಗಿ ಅಂಚುಗಳು ಕೂಡಿವೆಯೇ ಇಲ್ಲವೇ ಎಂಬುದನ್ನು ಕಣ್ಣಿನಿಂದ ತೀರ್ಮಾನಿಸಲು ಬರುವುದಿಲ್ಲ. ಜಂಟಿ ಗೋಡೆಯ ಮೇಲೆ ಮೊದಲನೇ ಮನೆಗೆ ಎಲ್ಲೆಲ್ಲಿ ಬಿಂದುಗಳಿವೆಯೋ ಎರಡನೇ ಮನೆಗೂ ಅಲ್ಲಲ್ಲೇ ಇರಬೇಕು. ಒಂದೂ ಹೆಚ್ಚಿರಬಾರದು, ಒಂದೂ ಕಡಿಮೆ ಇರಬಾರದು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಷರತ್ತನ್ನು ಪೂರೈಸುವ ದಾರಿ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ಹೋಗೋಣ. ಮೈಸೂರಿನ ಹಳೆಯ ಅಗ್ರಹಾರಗಳಲ್ಲಿ ಕಾಣುವಂಥ ಒಂದು ಸಾಲು. ಬೀದಿ ದಕ್ಷಿಣಕ್ಕಿದೆ, ಐದು ಮನೆಗಳು ಪಶ್ಚಿಮದಿಂದ ಪೂರ್ವಕ್ಕೆ ಗೋಡೆಗೆ ಗೋಡೆ ತಾಗಿ ನಿಂತಿವೆ. ಮೊದಲನೆಯದು 5 ಮೀಟರ್ ಅಗಲ, 14 ಮೀಟರ್ ಉದ್ದ. ಎರಡನೆಯದು ನಾಲ್ಕೂವರೆ ಮೀಟರ್ ಅಗಲ, ಆದರೆ 10 ಮೀಟರಿಗೇ ಮುಗಿದು ಹಿಂದೆ ಹಿತ್ತಲಿದೆ. ಮೂರನೆಯದನ್ನು ಇತ್ತೀಚೆಗೆ ಕೆಡವಿ ಮೂರಂತಸ್ತು ಕಟ್ಟಿದ್ದಾರೆ, 6 ಮೀಟರ್ ಅಗಲ. ನಾಲ್ಕು ಮತ್ತು ಐದು ಹಳೆಯ ಒಂದಂತಸ್ತಿನ ಮನೆಗಳು, ತಲಾ 5 ಮೀಟರ್. ಎರಡನೆಯದನ್ನು ಬಿಟ್ಟು ಉಳಿದವೆಲ್ಲ 14 ಮೀಟರ್ ಉದ್ದ. ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್ ಎಂದುಕೊಳ್ಳೋಣ. ಉಚಿತವಾಗಿ ಸಿಗುತ್ತದೆ, ಇಲ್ಲಿ ಹೇಳುವುದನ್ನೆಲ್ಲ ಓದುಗರು ಮನೆಯಲ್ಲೇ ಮಾಡಿ ನೋಡಬಹುದು.

ಮೊದಲು ಸ್ನ್ಯಾಪಿಂಗ್. ಅಯಸ್ಕಾಂತದ ಚಿಹ್ನೆಯಿರುವ ಆ ಗುಂಡಿಯನ್ನು ಒತ್ತಿದರೆ, ಕ್ಲಿಕ್ ಮಾಡಿದ ಜಾಗದ ಹತ್ತಿರ ಈಗಾಗಲೇ ಯಾವುದಾದರೂ ಮನೆಯ ಬಿಂದು ಅಥವಾ ಅಂಚು ಇದೆಯೇ ಎಂದು ತಂತ್ರಾಂಶ ಹುಡುಕುತ್ತದೆ. ಇದ್ದರೆ ನಮ್ಮ ಕ್ಲಿಕ್ಕನ್ನು ಅಲ್ಲಿಗೇ ಎಳೆದುಕೊಂಡು ಆ ಬಿಂದುವಿನ ನಿರ್ದೇಶಾಂಕಗಳನ್ನು ಹಾಗೆಯೇ ನಕಲಿಸುತ್ತದೆ. ಎಷ್ಟು ಹತ್ತಿರದವರೆಗೆ ಹುಡುಕಬೇಕು ಎಂಬ ಅಳತೆಗೆ ಟಾಲರೆನ್ಸ್ ಎನ್ನುತ್ತಾರೆ. ಕ್ಯೂಜಿಐಎಸ್‌ನಲ್ಲಿ ಮೊದಲಿಗೆ ಅದು 12 ಪಿಕ್ಸೆಲ್ ಎಂದಿರುತ್ತದೆ. ಇವು ಉಪಗ್ರಹ ಚಿತ್ರದ ಪಿಕ್ಸೆಲ್‌ಗಳಲ್ಲ, ಪರದೆಯ ಪಿಕ್ಸೆಲ್‌ಗಳು ಎಂಬುದನ್ನು ಗಮನಿಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಸಾಮಾನ್ಯ ಪರದೆಯಲ್ಲಿ ಇಂಚಿಗೆ 96 ಪಿಕ್ಸೆಲ್ ಎಂದು ಲೆಕ್ಕ ಹಿಡಿದರೆ ಒಂದರ ಅಗಲ 0.26 ಮಿಲಿಮೀಟರ್. ನಕ್ಷೆಯನ್ನು 1:500 ಪ್ರಮಾಣಕ್ಕೆ ಹಿಗ್ಗಿಸಿಕೊಂಡಿದ್ದರೆ ನೆಲದ ಮೇಲೆ ಅದು 13 ಸೆಂಟಿಮೀಟರ್, ಹನ್ನೆರಡು ಪಿಕ್ಸೆಲ್‌ಗೆ 1.6 ಮೀಟರ್. ಇಡೀ ಬೀದಿ ಒಮ್ಮೆಗೇ ಕಾಣಲೆಂದು 1:2000ಕ್ಕೆ ಹಿಂದೆ ಸರಿದರೆ ಅದೇ ಹನ್ನೆರಡು ಪಿಕ್ಸೆಲ್ 6.3 ಮೀಟರ್ ಆಗುತ್ತದೆ. ನಮ್ಮ ಎರಡನೇ ಮನೆಯ ಅಗಲವೇ ನಾಲ್ಕೂವರೆ ಮೀಟರ್. ಅದರ ಎಡಮೂಲೆಯನ್ನು ಮೊದಲನೇ ಮನೆಗೆ ಸೇರಿಸಿ, ಬಲಮೂಲೆಗೆಂದು ನಾಲ್ಕೂವರೆ ಮೀಟರ್ ಆಚೆ ಕ್ಲಿಕ್ ಮಾಡಿದರೆ ಆ ಕ್ಲಿಕ್ ಕೂಡ ಮೊದಲನೇ ಮನೆಯ ಮೂಲೆಗೇ ಹಾರಿಹೋಗುತ್ತದೆ. ಮನೆಯ ಎರಡು ಮೂಲೆಗಳು ಒಂದೇ ಕಡೆ ಸೇರಿ ಆಕೃತಿ ಚಪ್ಪಟೆಯಾಗುತ್ತದೆ. ಬಿಂದು ಬೇರೆ ಮೂಲೆಗೆ ಹಾರಿ ಗೆರೆ ತನ್ನನ್ನೇ ದಾಟಿದರೆ ಡಮರುಗದ ಆಕಾರ ಬರುತ್ತದೆ. ಡಮರುಗದ ಎರಡು ಬಟ್ಟಲುಗಳಲ್ಲಿ ಗೆರೆ ಸುತ್ತುವ ದಿಕ್ಕು ವಿರುದ್ಧವಾಗಿರುವುದರಿಂದ ವಿಸ್ತೀರ್ಣದ ಸೂತ್ರ ಒಂದನ್ನು ಇನ್ನೊಂದರಿಂದ ಕಳೆಯುತ್ತದೆ. 45 ಚದರ ಮೀಟರಿನ ಮನೆಗೆ ಐದೋ ಆರೋ ಚದರ ಮೀಟರ್ ಎಂದು ಪಟ್ಟಿಯಲ್ಲಿ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಆದ್ದರಿಂದ ಟಾಲರೆನ್ಸನ್ನು ಪಿಕ್ಸೆಲ್‌ನಿಂದ ಮೀಟರಿಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಆಗ ನಕ್ಷೆ ಹಿಗ್ಗಿದರೂ ಕುಗ್ಗಿದರೂ ಅಳತೆ ಒಂದೇ ಆಗಿರುತ್ತದೆ. ಎಷ್ಟು ಮೀಟರ್ ಎಂಬುದಕ್ಕೆ ಎರಡು ಮಿತಿಗಳಿವೆ. ಚಿತ್ರದ ಪಿಕ್ಸೆಲ್ ಮೂವತ್ತು ಸೆಂಟಿಮೀಟರ್ ಇರುವಾಗ ಕೈ ಅಷ್ಟರ ಮಟ್ಟಿಗೆ ತಪ್ಪುವುದು ಸಹಜ, ಹಾಗಾಗಿ ಅದಕ್ಕಿಂತ ಕಡಿಮೆ ಇಟ್ಟರೆ ಹಿಡಿಯಬೇಕಾದ ಮೂಲೆ ಕೈತಪ್ಪುತ್ತದೆ. ಇನ್ನೊಂದು ಕಡೆ, ಊರಿನಲ್ಲಿ ನಿಜವಾಗಿಯೂ ಇರುವ ಅತಿ ಕಿರಿದಾದ ಸಂದಿಯ ಅರ್ಧಕ್ಕಿಂತ ಹೆಚ್ಚಿಡಬಾರದು. ಎರಡು ಮನೆಗಳ ನಡುವೆ ಮೂರಡಿಯ ಸಂದಿ, ಅಂದರೆ 90 ಸೆಂಟಿಮೀಟರ್ ಇದ್ದರೆ ಅರ್ಧ 45. ಮೂವತ್ತು ಮತ್ತು ನಲವತ್ತೈದರ ನಡುವೆ ಜಾಗ ತುಂಬ ಇಕ್ಕಟ್ಟು. 40 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. 1:500ರಲ್ಲಿ ಅದು ಪರದೆಯ ಮೇಲೆ ಬರೀ ಮೂರು ಪಿಕ್ಸೆಲ್, ಗುರಿಯಿಡುವುದು ಕಷ್ಟ. 1:200ಕ್ಕೆ ಹಿಗ್ಗಿಸಿದರೆ ಏಳೆಂಟು ಪಿಕ್ಸೆಲ್ ಆಗುತ್ತದೆ. ಚಿತ್ರ ಆಗ ಚೌಕಚೌಕವಾಗಿ ಒಡೆದು ಕಾಣುತ್ತದೆ, ಆದರೂ ಮೂಲೆ ಹಿಡಿಯಲು ಅದೇ ಅನುಕೂಲ. ಒಂದು ಹೆಜ್ಜೆ ಹಿಂದೆ ಸರಿದು ಮೂಲೆ ಎಲ್ಲಿದೆ ಎಂದು ನೋಡಿಕೊಂಡು, ಮುಂದೆ ಬಂದು ಕ್ಲಿಕ್ ಮಾಡುವುದು ಅನುಭವಸ್ಥರ ರೂಢಿ.

ಸ್ನ್ಯಾಪಿಂಗ್ ಯಾವ ಪದರಕ್ಕೆ ಎಂಬುದನ್ನೂ ಹೇಳಬೇಕು. ಮನೆಗಳ ಪದರಕ್ಕೆ ಮಾತ್ರ ಇರಲಿ. ನಕ್ಷೆಯಲ್ಲಿ ರಸ್ತೆಯ ಗೆರೆ ಇರುವುದು ರಸ್ತೆಯ ನಟ್ಟನಡುವೆ. ಮನೆಯ ಮೂಲೆ ಅದಕ್ಕೆ ಅಂಟಿದರೆ ಜಗಲಿ ಬೀದಿಯ ಮಧ್ಯಕ್ಕೆ ಬರುತ್ತದೆ.

ಇನ್ನು ಬರುವುದು ನನ್ನ ಮಟ್ಟಿಗೆ ಈ ಕೆಲಸದಲ್ಲೇ ಅತಿ ಮುಖ್ಯವಾದ ಜಾಗ. ಮೂಲೆಗೆ ಮೂಲೆ ಸೇರುವಾಗ ಸ್ನ್ಯಾಪಿಂಗ್ ಒಂದೇ ಸಾಕು. ನಮ್ಮ ಎರಡನೇ ಮನೆ ಮಾತ್ರ ಹಾಗಿಲ್ಲ. ಅದರ ಹಿಂಭಾಗದ ಎಡಮೂಲೆ ಮೊದಲನೇ ಮನೆಯ ಗೋಡೆಯ ನಡುವೆ, ಬೀದಿಯಿಂದ 10 ಮೀಟರ್ ಒಳಗೆ ಬಂದು ತಾಗುತ್ತದೆ. ಅಲ್ಲಿ ಮೊದಲನೇ ಮನೆಗೆ ಯಾವ ಮೂಲೆಯೂ ಇಲ್ಲ, ನೇರವಾದ ಗೋಡೆಯಷ್ಟೇ. ಎರಡು ಗೋಡೆಗಳು ಸೇರಿ ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುವುದರಿಂದ ಇದನ್ನು ಟಿ ಸಂಧಿ ಎನ್ನೋಣ. ಅಂಚಿಗೆ ಸ್ನ್ಯಾಪ್ ಆಗುವ ಆಯ್ಕೆ ಹಾಕಿದ್ದರೆ ನಮ್ಮ ಬಿಂದು ಆ ಗೋಡೆಯ ಗೆರೆಯ ಮೇಲೆ ಹೋಗಿ ಕೂರುತ್ತದೆ. ಪರದೆಯಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಕೂಡಿದಂತೆಯೇ ಕಾಣುತ್ತದೆ.

ಆದರೆ ಕೂಡಿಲ್ಲ. ನಿಜವಾದ ಬೀದಿಗಳು ಉತ್ತರ ದಕ್ಷಿಣಕ್ಕೆ ಕರಾರುವಾಕ್ಕಾಗಿ ಇರುವುದಿಲ್ಲ, ಗೋಡೆ ಎರಡು ಮೂರು ಡಿಗ್ರಿಯಾದರೂ ವಾಲಿರುತ್ತದೆ. ಓರೆ ಗೆರೆಯ ಮೇಲಿನ ಒಂದು ಬಿಂದುವಿನ ನಿರ್ದೇಶಾಂಕವನ್ನು ಕಂಪ್ಯೂಟರ್ ದಶಮಾಂಶದ ಒಂದು ಹಂತದಲ್ಲಿ ಕತ್ತರಿಸಿ ಬರೆದುಕೊಳ್ಳಲೇಬೇಕು. ಕತ್ತರಿಸಿದ್ದು ನ್ಯಾನೋಮೀಟರಿಗಿಂತಲೂ ಚಿಕ್ಕದಿರಬಹುದು. ಆದರೂ ಬಿಂದು ಗೆರೆಯಿಂದ ಕೂದಲೆಳೆಯಷ್ಟು ಒಳಗೋ ಹೊರಗೋ ಬೀಳುತ್ತದೆ. ‘ಈ ಎರಡು ಮನೆಗಳು ತಾಗಿವೆಯೇ?’ ಎಂದು ತಂತ್ರಾಂಶವನ್ನು ಕೇಳಿದರೆ ‘ಇಲ್ಲ, ಒಂದರ ಮೇಲೊಂದು ಬಿದ್ದಿವೆ’ ಎಂದೋ ‘ಇಲ್ಲ, ದೂರವಿವೆ’ ಎಂದೋ ಉತ್ತರ ಬರುತ್ತದೆ. ಮುಂದೆ ಈ ಕಡತ ಬೇರೆಡೆಗೆ ಹೋದಾಗ ನಿರ್ದೇಶಾಂಕಗಳು ಇನ್ನಷ್ಟು ಮೊಟಕಾಗುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿಯ ಏಳು ದಶಮಾಂಶ ಸ್ಥಾನಗಳವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ, ಅದು ನೆಲದ ಮೇಲೆ ಸುಮಾರು ಒಂದು ಸೆಂಟಿಮೀಟರ್. ಕಾಣದೆ ಇದ್ದ ಬಿರುಕು ಅಲ್ಲಿ ಅಳೆಯಬಹುದಾದ ಬಿರುಕಾಗುತ್ತದೆ.

ಇದಕ್ಕಿಂತ ದೊಡ್ಡ ಹಾನಿ ತಿದ್ದುವಾಗ ಆಗುತ್ತದೆ. ಆರು ತಿಂಗಳ ನಂತರ ಇನ್ನೂ ಸ್ಪಷ್ಟವಾದ ಚಿತ್ರ ಸಿಕ್ಕಿತು, ಮೊದಲನೇ ಮನೆಯ ಹಿಂಭಾಗದ ಬಲಮೂಲೆ 40 ಸೆಂಟಿಮೀಟರ್ ಪಶ್ಚಿಮಕ್ಕೆ ಇರಬೇಕಿತ್ತು ಎಂದು ತಿಳಿಯಿತು ಎನ್ನಿ. ಆ ಮೂಲೆಯನ್ನು ಸರಿಸುತ್ತೇವೆ. ಗೋಡೆ ಎಂದರೆ ಮುಂಭಾಗದ ಮೂಲೆಯಿಂದ ಹಿಂಭಾಗದ ಮೂಲೆಗೆ ಎಳೆದ ನೇರ ಗೆರೆ ತಾನೆ, ಇಡೀ ಗೆರೆ ಬೀದಿಯ ಕಡೆಯ ಮೂಲೆಯನ್ನು ಆಧಾರ ಮಾಡಿಕೊಂಡು ತಿರುಗುತ್ತದೆ. ಟಿ ಸಂಧಿ ಇರುವುದು ಹದಿನಾಲ್ಕರಲ್ಲಿ ಹತ್ತನೇ ಮೀಟರಿನಲ್ಲಿ. ಅಲ್ಲಿ ಗೋಡೆ ಸುಮಾರು 29 ಸೆಂಟಿಮೀಟರ್ ಸರಿದಿರುತ್ತದೆ. ಎರಡನೇ ಮನೆಯ ಮೂಲೆ ಮಾತ್ರ ಇದ್ದಲ್ಲೇ ನಿಂತಿದೆ. ಅದರ ಗೋಡೆಗೂ ಮೊದಲನೆಯದರ ಗೋಡೆಗೂ ನಡುವೆ ಹತ್ತು ಮೀಟರ್ ಉದ್ದದ ತ್ರಿಕೋನಾಕಾರದ ಸೀಳು ತೆರೆದುಕೊಂಡಿತು. ತಿದ್ದಿದವರು ಹಿತ್ತಲ ಮೂಲೆಯನ್ನಷ್ಟೇ ನೋಡುತ್ತಿದ್ದರು, ಸೀಳು ಅವರ ಕಣ್ಣಿಗೆ ಬೀಳಲೇ ಇಲ್ಲ.

ಇದನ್ನು ತಡೆಯಲು ಟಿ ಸಂಧಿಯಲ್ಲಿ ಮೊದಲನೇ ಮನೆಯ ಗೋಡೆಗೂ ಒಂದು ಬಿಂದು ಬೇಕು. ಆ ಮನೆಯ ಆಕಾರಕ್ಕೆ ಅದರ ಅಗತ್ಯವಿಲ್ಲ, ಗೋಡೆ ಅಲ್ಲಿ ತಿರುಗುವುದೂ ಇಲ್ಲ; ನೆರೆಮನೆಯ ಸಲುವಾಗಿ ಇರಬೇಕಾದ ಬಿಂದು ಅದು. ಕ್ಯೂಜಿಐಎಸ್‌ನ ಸ್ನ್ಯಾಪಿಂಗ್ ಪಟ್ಟಿಯಲ್ಲಿ `Topological Editing` ಎಂಬ ಗುಂಡಿಯಿದೆ. ಅದನ್ನು ಹಾಕಿಟ್ಟು ಎರಡನೇ ಮನೆಯನ್ನು ಬಿಡಿಸಿದರೆ, ಅದರ ಮೂಲೆ ಅಂಚಿಗೆ ತಾಗಿದ ಕಡೆ ಮೊದಲನೇ ಮನೆಯ ಗೋಡೆಯಲ್ಲೂ ಒಂದು ಬಿಂದು ತಾನಾಗಿ ಹುಟ್ಟುತ್ತದೆ. ಎರಡೂ ಪಟ್ಟಿಗಳಲ್ಲಿ ಒಂದೇ ನಿರ್ದೇಶಾಂಕ. ಮುಂದೆ ಆ ಬಿಂದುವನ್ನು ಸರಿಸಿದಾಗ ಎರಡೂ ಮನೆಗಳು ಒಟ್ಟಿಗೆ ಸರಿಯುತ್ತವೆ. ಈಗ ಹಿತ್ತಲ ಮೂಲೆಯನ್ನು 40 ಸೆಂಟಿಮೀಟರ್ ಎಳೆದರೆ ಗೋಡೆ ಟಿ ಸಂಧಿಯಲ್ಲಿ ಸ್ವಲ್ಪ ಮುರಿಯುತ್ತದೆ, ಸೀಳು ಬರುವುದಿಲ್ಲ. ಮುರಿದ ಗೋಡೆ ಕಣ್ಣಿಗೆ ಕಾಣುವುದರಿಂದ ಆ ಬಿಂದುವನ್ನೂ ಸರಿಸಿ ನೇರ ಮಾಡಬಹುದು. ಓಪನ್‌ಸ್ಟ್ರೀಟ್‌ಮ್ಯಾಪಿಗೆ ಜೋಸಮ್ ತಂತ್ರಾಂಶದಲ್ಲಿ ಬಿಡಿಸುವವರು, ಹತ್ತಿರವಿದ್ದೂ ಸೇರದೆ ಉಳಿದ ಬಿಂದುವನ್ನು ಆರಿಸಿ `J` ಒತ್ತಿದರೆ ಅದು ಪಕ್ಕದ ಗೆರೆಯ ಭಾಗವಾಗುತ್ತದೆ.

ಜೊತೆಗೆ ಇನ್ನೊಂದು ಗುಂಡಿ, `Avoid Overlap`. ಇದನ್ನು ಹಾಕಿದ್ದರೆ ಎರಡನೇ ಮನೆಯನ್ನು ಬಿಡಿಸುವಾಗ ಜಂಟಿ ಗೋಡೆಯ ಕಡೆ ಜಾಗ್ರತೆ ಬೇಕಿಲ್ಲ. ಬೇಕೆಂದೇ ಮೊದಲನೇ ಮನೆಯೊಳಕ್ಕೆ ಒಂದು ಮೀಟರ್ ನುಗ್ಗಿಸಿ ಎಳೆದರೂ ನುಗ್ಗಿದ ಭಾಗವನ್ನು ತಂತ್ರಾಂಶ ಕತ್ತರಿಸಿ ತೆಗೆದು, ಮೊದಲನೆಯದರ ಅಂಚನ್ನೇ ಎರಡನೆಯದಕ್ಕೆ ಕೊಡುತ್ತದೆ. ಸಾಲುಮನೆಗಳಿಗೆ ಇದು ಬಹಳ ವೇಗದ ದಾರಿ. ಆದರೆ ಇಲ್ಲಿ ಮೊದಲು ಬಿಡಿಸಿದ ಮನೆಯ ಗೋಡೆಯೇ ಅಂತಿಮ. ಅದು ತಪ್ಪಾಗಿದ್ದರೆ ನೆರೆಯವರ ವಿಸ್ತೀರ್ಣವೂ ತಪ್ಪು, ಅದೂ ಯಾವ ಪರೀಕ್ಷೆಗೂ ಸಿಗದಷ್ಟು ಶುಭ್ರವಾಗಿ ತಪ್ಪು. ಆದ್ದರಿಂದ ಸಾಲಿನ ತುದಿಯಿಂದಲೇ ಶುರುಮಾಡಬೇಕೆಂಬ ಹಟ ಬೇಡ. ಯಾವ ಮನೆಯ ಅಂಚುಗಳು ಚಿತ್ರದಲ್ಲಿ ಅತಿ ಸ್ಪಷ್ಟವಾಗಿವೆಯೋ ಅದನ್ನು ಮೊದಲು ಬಿಡಿಸಿ, ಅಲ್ಲಿಂದ ಎರಡೂ ಕಡೆಗೆ ಹೊರಡುವುದು ಸರಿ.

ನಮ್ಮ ಸಾಲಿನಲ್ಲಿ ಕಣ್ಣಿಗೆ ಹೊಡೆಯುವಂತಿರುವುದು ಮೂರನೆಯ, ಮೂರಂತಸ್ತಿನ ಮನೆ. ತಾರಸಿ ಬಿಳಿಯಾಗಿ, ಅಂಚು ಗೆರೆ ಕೊರೆದಂತೆ ಕಾಣುತ್ತದೆ. ಅದರಿಂದಲೇ ಶುರುಮಾಡಲು ಮನಸ್ಸಾಗುತ್ತದೆ. ತಡೆಯಬೇಕು. ಉಪಗ್ರಹ ಬಹುಪಾಲು ನೆತ್ತಿಯ ಮೇಲಿಂದ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ಚಿತ್ರವನ್ನು ನೆಲದ ಏರುತಗ್ಗಿಗೆ ಸರಿಪಡಿಸಿರುತ್ತಾರೆ, ಆದರೆ ಮನೆಯ ಎತ್ತರಕ್ಕೆ ಸಾಮಾನ್ಯವಾಗಿ ಸರಿಪಡಿಸಿರುವುದಿಲ್ಲ. ಹಾಗಾಗಿ ಮಹಡಿಗಳು ಉಪಗ್ರಹವಿದ್ದ ದಿಕ್ಕಿನಿಂದ ಆಚೆಗೆ ವಾಲಿದಂತೆ ಕಾಣುತ್ತವೆ. ಎಷ್ಟು ಸರಿದು ಕಾಣುತ್ತದೆ ಎಂಬುದಕ್ಕೆ ಲೆಕ್ಕ ಸರಳ:

```
ಸರಿತ = ಎತ್ತರ × tan(ಓರೆ ಕೋನ)
```

ಮನೆಯ ಹತ್ತಿರ ನಿಂತವರಿಗೆ ಉಪಗ್ರಹ ನೆತ್ತಿಯಿಂದ ಪೂರ್ವಕ್ಕೆ 20 ಡಿಗ್ರಿ ಕೆಳಗಿತ್ತು ಎಂದುಕೊಂಡರೆ, 9 ಮೀಟರ್ ಎತ್ತರದ ತಾರಸಿ ತನ್ನ ಬುಡಕ್ಕಿಂತ 3.3 ಮೀಟರ್ ಪಶ್ಚಿಮಕ್ಕೆ ಕಾಣುತ್ತದೆ. ಪಕ್ಕದ ಮೂರೂವರೆ ಮೀಟರ್ ಎತ್ತರದ ಹೆಂಚಿನ ಮನೆಗಳೂ 1.3 ಮೀಟರ್ ಸರಿದಿರುತ್ತವೆ. ವ್ಯತ್ಯಾಸ ಎರಡು ಮೀಟರ್. ಮೂರನೇ ಮನೆಯ ತಾರಸಿ ಎರಡನೇ ಮನೆಯ ಮಾಡನ್ನು ಎರಡು ಮೀಟರ್ ಮುಚ್ಚಿರುತ್ತದೆ. ಕಂಡಂತೆ ಬಿಡಿಸಿ ಸ್ನ್ಯಾಪ್ ಮಾಡಿದರೆ ನಾಲ್ಕೂವರೆ ಮೀಟರಿನ ಎರಡನೇ ಮನೆ ಎರಡೂವರೆ ಮೀಟರಿಗೆ ಇಳಿಯುತ್ತದೆ. ಇನ್ನೊಂದು ಬದಿಯಲ್ಲಿ, ಮೂರನೆಯ ಮತ್ತು ನಾಲ್ಕನೆಯ ಮನೆಗಳ ನಡುವೆ ಎರಡು ಮೀಟರ್ ಅಗಲದ ಒಂದು ಪಟ್ಟಿ ಕಾಣುತ್ತದೆ. ಓಣಿಯೆಂದು ಯಾರಾದರೂ ನಂಬಬಹುದು. ಅದು ಓಣಿಯಲ್ಲ, ಮೂರನೇ ಮನೆಯ ಪೂರ್ವದ ಗೋಡೆ. ಹಿಗ್ಗಿಸಿ ನೋಡಿದರೆ ಕಿಟಕಿಗಳ ಸಾಲೋ ಸಜ್ಜದ ನೆರಳೋ ಸಿಗುತ್ತದೆ. ಓಣಿಗೆ ಕಿಟಕಿಯಿರುವುದಿಲ್ಲ.

ಕೆಲಸದ ಕ್ರಮ ಹೀಗಿರಬೇಕು. ಸ್ನ್ಯಾಪಿಂಗ್ ಇಲ್ಲದೆ, `Avoid Overlap` ಕೂಡ ಇಲ್ಲದೆ, ತಾರಸಿಯ ಆಕಾರವನ್ನು ಮೊದಲು ಬಿಡಿಸಿಕೊಳ್ಳಬೇಕು. ಆಮೇಲೆ ಇಡೀ ಆಕೃತಿಯನ್ನು ಬುಡಕ್ಕೆ ಸರಿಸಬೇಕು. ಎಷ್ಟು ಸರಿಸಬೇಕು? ನಾವು ನೋಡುವ ಚಿತ್ರದ ಓರೆ ಕೋನ ಎಷ್ಟೋ ಸಲ ನಮಗೆ ಸಿಗುವುದಿಲ್ಲ. ಆದರೆ ಸಾಲಿನ ಪೂರ್ವದ ತುದಿಯಲ್ಲಿರುವ ಐದನೇ ಮನೆಯ ಹೊರಗೋಡೆ ಚಿತ್ರದಲ್ಲಿ ಬುಡದವರೆಗೂ ಕಾಣುತ್ತದೆ, ಏಕೆಂದರೆ ಅದರ ಆಚೆ ಮನೆಯಿಲ್ಲ. ಸೂರಿನಿಂದ ಬುಡಕ್ಕೆ ಎಷ್ಟು ದೂರ ಎಂದು ಅಲ್ಲಿ ಅಳೆದರೆ ಒಂದಂತಸ್ತಿನ ಸರಿತ ತಿಳಿಯಿತು. ಮೂರಂತಸ್ತಿಗೆ ಅದರ ಎರಡೂವರೆಯಿಂದ ಮೂರು ಪಟ್ಟು. ಹೆಂಚಿನ ಮಾಡಾದರೆ ಸೂರು ಗೋಡೆಯಿಂದ ಒಂದೆರಡು ಅಡಿ ಮುಂದೆ ಚಾಚಿರುತ್ತದೆ, ಆ ಚಾಚನ್ನೂ ಈ ಅಳತೆಗೆ ಕೂಡಿಸಬೇಕು. ಐದೂ ಮನೆಗಳನ್ನು ಅವುಗಳ ಎತ್ತರಕ್ಕೆ ತಕ್ಕಂತೆ ಸರಿಸಿದ ಮೇಲೆ ಎರಡು ಮೀಟರಿನ ಆ ಸುಳ್ಳು ಓಣಿ ಮುಚ್ಚಿ, ಗೋಡೆಗಳು ಮೂವತ್ತು ನಲವತ್ತು ಸೆಂಟಿಮೀಟರಿನೊಳಗೆ ಹತ್ತಿರ ಬರುತ್ತವೆ. ಸ್ನ್ಯಾಪ್ ಮಾಡುವ ಹೊತ್ತು ಅದು. ಹಾಗೆ ಹತ್ತಿರ ಬರದಿದ್ದರೆ ಎತ್ತರದ ಊಹೆ ತಪ್ಪಿದೆ ಎಂದರ್ಥ. ಸ್ನ್ಯಾಪ್ ಮಾಡಿ ಮುಚ್ಚಿಹಾಕುವುದು ಬೇಡ, ಮತ್ತೆ ಅಳೆಯಬೇಕು.

ಬಿಡಿಸಿ ಮುಗಿದ ಮೇಲೆ ಪರೀಕ್ಷೆ. ಟೋಪಾಲಜಿ ನಿಯಮಗಳು ಎನ್ನುವುದು ಆಕೃತಿಗಳು ಒಂದಕ್ಕೊಂದು ಹೇಗಿರಬೇಕು, ಹೇಗಿರಬಾರದು ಎಂಬ ಷರತ್ತುಗಳನ್ನೇ. ಕ್ಯೂಜಿಐಎಸ್‌ನ ಟೋಪಾಲಜಿ ಚೆಕರ್‌ನಲ್ಲಿ ಇಂಥ ಹಲವು ನಿಯಮಗಳಿವೆ. `must not overlap`, ಅಂದರೆ ಒಂದರ ಮೇಲೊಂದು ಬೀಳಬಾರದು ಎಂಬ ನಿಯಮವನ್ನು ಮನೆಗಳಿಗೆ ಕಣ್ಣುಮುಚ್ಚಿ ಹಾಕಬಹುದು. ನೆಲಮಟ್ಟದಲ್ಲಿ ಎರಡು ಮನೆಗಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಸಿಕ್ಕಿದ್ದೆಲ್ಲ ತಪ್ಪೇ.

`must not have gaps` ಹಾಗಲ್ಲ. ಸರ್ವೆ ನಂಬರುಗಳಿಗೋ ತಾಲ್ಲೂಕು ಗಡಿಗಳಿಗೋ ಅದು ಸರಿಯಾದ ನಿಯಮ, ಏಕೆಂದರೆ ಅಲ್ಲಿ ನೆಲದ ಪ್ರತಿ ಅಂಗುಲವೂ ಒಂದಲ್ಲ ಒಂದಕ್ಕೆ ಸೇರಿರಬೇಕು. ಮನೆಗಳ ನಡುವೆ ಸಂದಿ, ಓಣಿ, ಹಿತ್ತಲು ಇರುವುದು ನಿಜ. ಸುತ್ತಲೂ ಮನೆಗಳಿರುವ ಬಾವಿಕಟ್ಟೆಯ ಅಂಗಳವನ್ನೂ ಅದು ತಪ್ಪೆಂದು ತೋರಿಸುತ್ತದೆ. ಇದರ ಜೊತೆಗೆ ಇನ್ನೊಂದು ಕೊರತೆಯಿದೆ: ಈ ನಿಯಮ ಹುಡುಕುವುದು ನಾಲ್ಕೂ ಕಡೆ ಮುಚ್ಚಿದ ತೂತುಗಳನ್ನು. ನಾಲ್ಕನೆಯ ಮತ್ತು ಐದನೆಯ ಮನೆಗಳ ನಡುವೆ ಬೀದಿಯಿಂದ ಹಿತ್ತಲವರೆಗೆ ಎರಡೂ ತುದಿ ತೆರೆದ 20 ಸೆಂಟಿಮೀಟರಿನ ಸೀಳಿದ್ದರೆ ಅದು ತೂತಲ್ಲ, ಹೊರಗಿನ ಬಯಲಿನ ಒಂದು ಭಾಗ ಅಷ್ಟೇ. ಪರೀಕ್ಷೆ ‘ಎಲ್ಲವೂ ಸರಿ’ ಎನ್ನುತ್ತದೆ. ಸಾಲುಮನೆಗಳಲ್ಲಿ ಅತಿ ಹೆಚ್ಚು ಉಳಿಯುವ ತಪ್ಪೇ ಇದು, ಪರೀಕ್ಷೆಗೆ ಸಿಗದ ತಪ್ಪೂ ಇದೇ.

ಇದನ್ನು ಹಿಡಿಯಲು ದೂರವನ್ನೇ ಕೇಳುವುದು ನೇರವಾದ ದಾರಿ. ಪರಸ್ಪರ ತಾಗದೆ, ಆದರೆ 40 ಸೆಂಟಿಮೀಟರಿಗಿಂತ ಹತ್ತಿರವಿರುವ ಮನೆಗಳ ಜೋಡಿಗಳು ಯಾವುವು? ಕ್ಯೂಜಿಐಎಸ್‌ನ ವರ್ಚುವಲ್ ಲೇಯರ್‌ನಲ್ಲಿ ಹೀಗೆ ಬರೆದರೆ ಪಟ್ಟಿ ಸಿಗುತ್ತದೆ. ಪದರದ ಹೆಸರು `mane`, ಪ್ರತಿ ಮನೆಗೆ `id` ಎಂಬ ಸಂಖ್ಯೆ ಇದೆ ಎಂದುಕೊಳ್ಳಿ.

```sql
SELECT a.id AS id1, b.id AS id2,
       ST_Distance(a.geometry, b.geometry) AS doora
FROM mane a JOIN mane b ON a.id < b.id
WHERE ST_Distance(a.geometry, b.geometry) > 0
  AND ST_Distance(a.geometry, b.geometry) < 0.4
```

ಇದು ಕೆಲಸ ಮಾಡಬೇಕಾದರೆ ಪದರ ಮೀಟರಿನ ಅಳತೆಯಲ್ಲಿರಬೇಕು. ಅಕ್ಷಾಂಶ ರೇಖಾಂಶದಲ್ಲಿದ್ದರೆ 0.4 ಎಂದರೆ 0.4 ಡಿಗ್ರಿ, ಸುಮಾರು 44 ಕಿಲೋಮೀಟರ್. ಊರಿನ ಮನೆಗಳೆಲ್ಲ ಪಟ್ಟಿಗೆ ಬರುತ್ತವೆ. ಮೈಸೂರು, ಬೆಂಗಳೂರು, ಧಾರವಾಡಗಳಿಗೆ `EPSG:32643` ಸರಿಹೊಂದುತ್ತದೆ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೆಜಿಎಫ್, ಮುಳಬಾಗಿಲಿನ ಕಡೆಯವರು `EPSG:32644` ಬಳಸಬೇಕು. ಸಾವಿರಾರು ಮನೆಗಳಿದ್ದರೆ ಈ ಪ್ರಶ್ನೆ ನಿಧಾನವಾಗುತ್ತದೆ, ಒಂದೊಂದು ಬೀದಿಯನ್ನು ಆರಿಸಿಕೊಂಡು ಕೇಳುವುದು ಒಳಿತು.

ಬಂದ ಪಟ್ಟಿಯನ್ನು `doora` ಕಾಲಮ್ಮಿನ ಪ್ರಕಾರ ಏರಿಕೆ ಕ್ರಮದಲ್ಲಿ ಜೋಡಿಸಿದರೆ ತಪ್ಪುಗಳು ತಾವೇ ಗುಂಪಾಗುತ್ತವೆ. ಸೊನ್ನೆಗೆ ಅಂಟಿಕೊಂಡಂತೆ, ದಶಮಾಂಶದ ನಂತರ ಒಂಬತ್ತು ಹತ್ತು ಸೊನ್ನೆಗಳಿರುವವು ಟಿ ಸಂಧಿಯಲ್ಲಿ ಬಿಂದು ಸೇರದ, ಬೇರೆ ಮೂಲೆಯನ್ನೂ ಹಂಚಿಕೊಳ್ಳದ ಜೋಡಿಗಳು; ಬೇರೆಲ್ಲಾದರೂ ಒಂದು ಮೂಲೆ ಕೂಡಿದ್ದರೆ ದೂರ ಸೊನ್ನೆಯಾಗುವುದರಿಂದ ಜೋಡಿ ಈ ಪಟ್ಟಿಗೆ ಬರುವುದಿಲ್ಲ. ಟಿ ಸಂಧಿಯ ಬಿಂದು ಕೂದಲೆಳೆಯಷ್ಟು ಒಳಗೆ ಬಿದ್ದಿದ್ದರೂ ಇಲ್ಲಿ ಸಿಗದೆ `must not overlap`ನಲ್ಲಿ ಸಿಗುತ್ತದೆ, ಹಾಗಾಗಿ ಎರಡನ್ನೂ ನಡೆಸಬೇಕು. ಐದರಿಂದ ಮೂವತ್ತು ಸೆಂಟಿಮೀಟರ್ ದೂರವಿರುವವು ಸ್ನ್ಯಾಪ್ ಆಗದ ಜಂಟಿ ಗೋಡೆಗಳು. ಮೂವತ್ತು ದಾಟಿದವನ್ನು ಒಂದೊಂದಾಗಿ ಚಿತ್ರದಲ್ಲಿ ನೋಡಲೇಬೇಕು. ಮಳೆನೀರು ಇಳಿಯಲೆಂದು ಎರಡು ಸೂರುಗಳ ನಡುವೆ ಬಿಟ್ಟ ಒಂದಡಿಯ ಜಾಗ ಅದರಲ್ಲಿರಬಹುದು. ಇದನ್ನೆಲ್ಲ ಒಮ್ಮೆಗೇ ಮುಚ್ಚುವ ಸಾಧನಗಳೂ ಕ್ಯೂಜಿಐಎಸ್‌ನಲ್ಲಿವೆ, `Snap geometries to layer` ಅಂಥದ್ದು. ಅವುಗಳಿಗೆ ಒಂದು ಮೀಟರಿನ ಟಾಲರೆನ್ಸ್ ಕೊಟ್ಟರೆ ಪಟ್ಟಿ ಖಾಲಿಯಾಗುತ್ತದೆ ನಿಜ, ಜೊತೆಗೆ ಊರಿನ ಮೂರಡಿಯ ಸಂದಿಗಳೂ ಮಾಯವಾಗುತ್ತವೆ. ಬೆಂಕಿ ಬಿದ್ದಾಗ ಯಾವ ಮನೆಯಿಂದ ಯಾವ ಮನೆಗೆ ಹರಡಬಹುದೆಂದು ಅದೇ ನಕ್ಷೆ ನೋಡಿ ಲೆಕ್ಕ ಹಾಕುವವರಿರುತ್ತಾರೆ. ಸಂದಿ ಅಳಿಸುವ ಹಕ್ಕು ಬಿಡಿಸುವವರಿಗಿಲ್ಲ.

ಕೊನೆಯದಾಗಿ ಮೂಲೆಗಳನ್ನು ಲಂಬಕ್ಕೆ ತರುವ ವಿಷಯ. ಜೋಸಮ್‌ನಲ್ಲಿ `Q` ಒತ್ತಿದರೆ ಆಕೃತಿಯ ಮೂಲೆಗಳು 90 ಡಿಗ್ರಿಗೆ ಬರುತ್ತವೆ, ಬಹಳ ಜನ ಪ್ರತಿ ಮನೆ ಮುಗಿದೊಡನೆ ಒತ್ತುತ್ತಾರೆ. ಒಂಟಿ ಮನೆಗೆ ಅಡ್ಡಿಯಿಲ್ಲ. ಸಾಲುಮನೆಯಲ್ಲಿ ಬಿಂದುಗಳು ಹಂಚಿಕೆಯಾಗಿರುವುದರಿಂದ ಎರಡನೇ ಮನೆಯನ್ನು ನೇರ ಮಾಡುವಾಗ ಮೊದಲನೆಯದರ ಮೂಲೆ ಜರುಗುತ್ತದೆ, ಮೊದಲನೆಯದನ್ನು ಮತ್ತೆ ನೇರ ಮಾಡಿದರೆ ಎರಡನೆಯದು ಓರೆಯಾಗುತ್ತದೆ. ಐದೂ ಮನೆಗಳನ್ನು ಒಟ್ಟಿಗೆ ಆರಿಸಿ ಒಂದೇ ಸಲ `Q` ಒತ್ತುವುದು ಸರಿಯಾದ ಕ್ರಮ. ಹಳೆಯ ಬೀದಿಗಳಲ್ಲಿ ಗೋಡೆಗಳು ನಿಜವಾಗಿಯೂ ಓರೆಯಾಗಿದ್ದರೆ ಲಂಬ ಮಾಡುವುದೇ ಬೇಡ.

ನಿಮ್ಮ ಊರಿನ ಒಂದು ಬೀದಿಯನ್ನು ಬಿಡಿಸಲು ಕೂತರೆ ಮೊದಲ ಕ್ಲಿಕ್ಕಿಗೂ ಮುಂಚೆ ಮೂರು ಕೆಲಸ ಮಾಡಿಕೊಳ್ಳಿ: ಪದರವನ್ನು ಮೀಟರಿನ ಅಳತೆಗೆ ತನ್ನಿ, ಟಾಲರೆನ್ಸನ್ನು ಮೀಟರಿಗೆ ಬದಲಿಸಿ 0.4 ಇಡಿ, `Topological Editing` ಹಾಕಿ. ಬಿಡಿಸಿ ಮುಗಿದ ಮೇಲೆ ದೂರದ ಪಟ್ಟಿಯನ್ನೂ `must not overlap` ಪರೀಕ್ಷೆಯನ್ನೂ ನಡೆಸಿ. ತಿದ್ದಿದ ಮೇಲೆ ಎರಡನ್ನೂ ಮತ್ತೊಮ್ಮೆ ನಡೆಸಿ, ಏಕೆಂದರೆ ಒಂದು ಸೀಳು ಮುಚ್ಚುವಾಗ ಪಕ್ಕದಲ್ಲಿ ಇನ್ನೊಂದು ತೆರೆದಿರಬಹುದು. ಬೀದಿಗೆ ಇಳಿದು ನೋಡಲು ಸಾಧ್ಯವಿದ್ದರೆ ಟೇಪು ಹಿಡಿದು ಒಂದೆರಡು ಮನೆಗಳ ಮುಂಭಾಗದ ಅಗಲ ಅಳೆಯಿರಿ. ನಕ್ಷೆಯ ಅಗಲಕ್ಕೂ ಅದಕ್ಕೂ ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ನ್ಯಾಪಿಂಗ್‌ನಲ್ಲಿ ಹುಡುಕಬೇಡಿ, ಮಹಡಿಯ ಸರಿತವನ್ನು ಮೊದಲು ಪರೀಕ್ಷಿಸಿ.